ಹಾಲು, ಉಪ್ಪು, ಜೇನು, ಇಡೀ ಬೀಜ: ಎಳೆಮಗುವಿಗೆ ಯಾವುದು ಯಾಕೆ ಬೇಡ, ಎಲ್ಲಿಯವರೆಗೆ ಬೇಡ

(ತಾಯಂದಿರು, ಅಜ್ಜಿಯರು ಮತ್ತು ಅಂಗನವಾಡಿ ಕಾರ್ಯಕರ್ತೆಯರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಆಸ್ಪತ್ರೆಯಿಂದ ಕೊಡುವ ಚೀಟಿಯಲ್ಲಿ ಈ ನಾಲ್ಕನ್ನೂ ಒಂದೇ ಸಾಲಿನಲ್ಲಿ ಬರೆದಿರುತ್ತಾರೆ. ಓದಿದವರಿಗೆ ನಾಲ್ಕೂ ಒಂದೇ ಜಾತಿಯ ಅಪಾಯ ಅನ್ನಿಸುತ್ತದೆ. ಆದರೆ ಒಂದೊಂದನ್ನು ತಡೆಯುವ ಕಾರಣವೂ ಬೇರೆ, ಅವಧಿಯೂ ಬೇರೆ. ಜೇನುತುಪ್ಪ ಒಂದು ಹನಿಯೂ ಬೇಡ, ಆದರೆ ವರ್ಷ ತುಂಬಿದ ಮೇಲೆ ಚಿಂತೆಯಿಲ್ಲ. ಶೇಂಗಾವನ್ನು ಆರು ತಿಂಗಳಿಗೇ ಕೊಡಬಹುದು, ಆದರೆ ಇಡೀ ಬೀಜವಾಗಿ ಐದು ವರ್ಷದವರೆಗೂ ಬೇಡ. ಹಸುವಿನ ಹಾಲನ್ನು ರಾಗಿ ಸರಿಗೆ ಒಂದಿಷ್ಟು ಹಾಕಿದರೆ ತೊಂದರೆಯಿಲ್ಲ, ಬಾಟಲಿ ತುಂಬಿ ಕುಡಿಸಿದರೆ ತೊಂದರೆ. ಕಾರಣ ಗೊತ್ತಿದ್ದರೆ ಎಲ್ಲಿ ಬಿಗಿ ಹಿಡಿಯಬೇಕು, ಎಲ್ಲಿ ಸಡಿಲ ಬಿಡಬಹುದು ಎಂಬುದು ನಿಮಗೇ ತಿಳಿಯುತ್ತದೆ.

ಈ ನಾಲ್ಕರಲ್ಲಿ ಜನರಿಗೆ ಹೆಚ್ಚು ಭಯ ಇರುವುದು ಜೇನುತುಪ್ಪದ ಬಗ್ಗೆ. ನಮ್ಮ ಮನೆಗಳಲ್ಲಿ ಹೆಚ್ಚು ಮಕ್ಕಳನ್ನು ಸದ್ದಿಲ್ಲದೆ ಸೊರಗಿಸುವುದು ಮಾತ್ರ ಹಾಲು. ಹಾಗಾಗಿ ಹಾಲಿನಿಂದಲೇ ಶುರು ಮಾಡೋಣ.

ಹೊಟ್ಟೆ ತುಂಬಿಸುವ ಹಾಲು, ರಕ್ತ ತುಂಬಿಸದ ಹಾಲು

ಎಂಟು ತಿಂಗಳ, ಎಂಟು ಕಿಲೋ ತೂಕದ ಒಂದು ಮಗುವನ್ನು ಇಟ್ಟುಕೊಂಡು ಲೆಕ್ಕ ಹಾಕೋಣ. ತಾಯಿ ಕೆಲಸಕ್ಕೆ ಮರಳಿದ್ದಾಳೆ, ಎದೆಹಾಲು ನಿಂತಿದೆ. ಮಗು ದಿನಕ್ಕೆ 700 ಮಿ.ಲೀ. ಪ್ಯಾಕೆಟ್ ಹಾಲು ಕುಡಿಯುತ್ತದೆ. ನಡುವೆ ಎರಡು ಚಮಚ ಸರಿ ಕೊಟ್ಟರೆ ಬಾಯಿ ಬಿಗಿದುಕೊಳ್ಳುತ್ತದೆ. ಕೆನ್ನೆ ತುಂಬಿಕೊಂಡಿದೆ, ತೂಕ ಏರುತ್ತಿದೆ, ನೋಡಿದವರೆಲ್ಲ ‘ಗುಂಡಗಿದೆ’ ಅನ್ನುತ್ತಾರೆ.

ಇಂಥ ಮಗುವಿಗೆ ದಿನಕ್ಕೆ ಬೇಕಾದ ಶಕ್ತಿ ಸುಮಾರು 640 ಕ್ಯಾಲೊರಿ. 700 ಮಿ.ಲೀ. ಹಾಲಿನಿಂದಲೇ 420ರಷ್ಟು ಬಂದುಬಿಡುತ್ತದೆ. ಅಂದರೆ ಹಸಿವಿನ ಮೂರರಲ್ಲಿ ಎರಡು ಪಾಲನ್ನು ಹಾಲೇ ತಿಂದುಹಾಕಿತು. ಈಗ ಕಬ್ಬಿಣಾಂಶ ನೋಡಿ. ಹಸುವಿನ ಹಾಲಿನಲ್ಲಿ ಲೀಟರಿಗೆ ಸುಮಾರು ಅರ್ಧ ಮಿ.ಗ್ರಾಂ. ಕಬ್ಬಿಣ ಇರುತ್ತದೆ, 700 ಮಿ.ಲೀ.ಗೆ 0.35 ಮಿ.ಗ್ರಾಂ. ಈ ವಯಸ್ಸಿನ ಮಗುವಿಗೆ ಅಮೆರಿಕದ ಶಿಫಾರಸು ದಿನಕ್ಕೆ 11 ಮಿ.ಗ್ರಾಂ. ಹೊಟ್ಟೆಯ ಮೂರನೇ ಎರಡು ಭಾಗ ತುಂಬಿತು, ಕಬ್ಬಿಣದ ಅಗತ್ಯದಲ್ಲಿ ನೂರಕ್ಕೆ ಮೂರು ಪಾಲು ಮಾತ್ರ ಬಂತು. ಆ ಮೂರು ಪಾಲೂ ಪೂರ್ತಿ ರಕ್ತಕ್ಕೆ ಸೇರುವುದಿಲ್ಲ.

ಎದೆಹಾಲಿನಲ್ಲೂ ಕಬ್ಬಿಣ ಕಡಿಮೆಯೇ ಅಲ್ಲವೇ ಎಂದು ಕೇಳಬಹುದು. ಹೌದು, ಕಡಿಮೆಯೇ. ಆದರೆ ಇರುವಷ್ಟನ್ನು ಮಗುವಿನ ಕರುಳು ಚೆನ್ನಾಗಿ ಹೀರಿಕೊಳ್ಳುತ್ತದೆ. ದಿನ ತುಂಬಿ ಹುಟ್ಟಿದ ಮಗು ತಾಯಿಯ ಹೊಟ್ಟೆಯಿಂದಲೇ ನಾಲ್ಕರಿಂದ ಆರು ತಿಂಗಳಿಗಾಗುವಷ್ಟು ಕಬ್ಬಿಣ ಕೂಡಿಟ್ಟುಕೊಂಡು ಬಂದಿರುತ್ತದೆ. ಆ ಗಂಟು ಕರಗಿದ ಮೇಲೆ ಕಬ್ಬಿಣ ಊಟದಿಂದ ಬರಬೇಕು. ಹಸುವಿನ ಹಾಲು ಇಲ್ಲಿ ಮೂರು ಕಡೆಯಿಂದ ಅಡ್ಡ ಬರುತ್ತದೆ. ಒಂದು, ಹೊಟ್ಟೆ ತುಂಬಿಸಿ ಊಟವನ್ನು ದೂರ ತಳ್ಳುತ್ತದೆ. ಎರಡು, ಅದರಲ್ಲಿರುವ ಕ್ಯಾಲ್ಸಿಯಂ ಮತ್ತು ಕೇಸಿನ್ ಎಂಬ ಪ್ರೋಟೀನು, ಜೊತೆಗೆ ತಿಂದ ರಾಗಿ, ಬೇಳೆ, ಸೊಪ್ಪಿನ ಕಬ್ಬಿಣವನ್ನೂ ಹೀರಲು ಬಿಡುವುದಿಲ್ಲ. ಮೂರನೆಯದು ಹೊರಗೆ ಕಾಣಿಸುವುದೇ ಇಲ್ಲ: ವರ್ಷದೊಳಗಿನ ಅನೇಕ ಮಕ್ಕಳಲ್ಲಿ ಹಸುವಿನ ಹಾಲು ಕುಡಿದಾಗ ಕರುಳಿನ ಒಳಪದರದಿಂದ ಸ್ವಲ್ಪ ಸ್ವಲ್ಪವೇ ರಕ್ತ ಜಿನುಗುತ್ತದೆ. ಮಲದ ಬಣ್ಣ ಬದಲಾಗುವಷ್ಟು ಅಲ್ಲ, ಲ್ಯಾಬಿನಲ್ಲಿ ಪರೀಕ್ಷಿಸಿದರಷ್ಟೇ ಸಿಗುತ್ತದೆ. ಆದರೆ ರಕ್ತ ಹೋದಷ್ಟೂ ಕಬ್ಬಿಣ ಹೋಗುತ್ತದೆ. ವರ್ಷ ತುಂಬುವ ಹೊತ್ತಿಗೆ ಕರುಳು ಬಲಿತು ಈ ಜಿನುಗು ನಿಲ್ಲುತ್ತದೆ. ‘ವರ್ಷದವರೆಗೆ’ ಎಂಬ ಗಡುವಿಗೆ ಒಂದು ಕಾರಣ ಇದು.

ಕಬ್ಬಿಣ ಇಳಿದಿದೆ ಎಂದು ಮನೆಯಲ್ಲಿ ತಿಳಿಯುವುದು ಹೇಗೆ? ತೂಕದ ಪಟ್ಟಿ ಏನನ್ನೂ ಹೇಳುವುದಿಲ್ಲ, ಮಗು ಮೈ ತುಂಬಿಕೊಂಡೇ ಇರುತ್ತದೆ. ಅಂಗೈ ನೋಡಿ, ನಿಮ್ಮ ಅಂಗೈ ಪಕ್ಕದಲ್ಲಿಟ್ಟು ನೋಡಿ. ಕೆಳಗಣ್ಣಿನ ರೆಪ್ಪೆಯನ್ನು ಮೆಲ್ಲಗೆ ಎಳೆದು ಒಳಬದಿ ನೋಡಿ. ಬಿಳಿಚಿಕೊಂಡಿದ್ದರೆ, ಮಗು ಸುಮ್ಮಸುಮ್ಮನೆ ರಗಳೆ ಮಾಡುತ್ತಿದ್ದರೆ, ಆಟ ಕಡಿಮೆಯಾಗಿದ್ದರೆ, ಗೋಡೆಯ ಸುಣ್ಣಕ್ಕೋ ಮಣ್ಣಿಗೋ ಬಾಯಿ ಹಾಕುತ್ತಿದ್ದರೆ ರಕ್ತ ಪರೀಕ್ಷೆ ಮಾಡಿಸಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 67 ಮಂದಿಗೆ ರಕ್ತಹೀನತೆ ಇತ್ತು. ಹಾಲೊಂದೇ ಅದಕ್ಕೆ ಕಾರಣವಲ್ಲ. ಆದರೆ ಸರಿಪಡಿಸಲು ಸುಲಭವಾದ ಕಾರಣಗಳಲ್ಲಿ ಅದೊಂದು.

ನಮ್ಮ ಮಗುವಿನ ಲೆಕ್ಕಕ್ಕೆ ಮರಳಿದರೆ, ಬದಲಾಯಿಸಬೇಕಾದ್ದು ಮೊದಲು ಸರದಿ. ಮಗು ಹಸಿದಿದ್ದಾಗ ಮೊದಲು ಊಟ, ಆಮೇಲೆ ಹಾಲು. ಬಾಟಲಿ ಬಿಟ್ಟು ಲೋಟದಲ್ಲೋ ಒಳಲೆಯಲ್ಲೋ ಕೊಟ್ಟರೆ ಪ್ರಮಾಣ ತಾನಾಗಿ ಇಳಿಯುತ್ತದೆ. ವರ್ಷದೊಳಗೆ ಎದೆಹಾಲು ಇಲ್ಲದ ಮಗುವಿಗೆ ಕುಡಿಯಲು ಕಬ್ಬಿಣ ಸೇರಿಸಿದ ಡಬ್ಬಿ ಹಾಲು ಒಳ್ಳೆಯದು. ರಾಗಿಯನ್ನು ಮೊಳಕೆ ಬರಿಸಿ ಒಣಗಿಸಿ ಹಿಟ್ಟು ಮಾಡಿದರೆ ಅದರ ಕಬ್ಬಿಣ ಹೆಚ್ಚು ಸಿಗುತ್ತದೆ. ಬೇಳೆ ಅನ್ನಕ್ಕೆ ಎರಡು ಹನಿ ನಿಂಬೆರಸ ಹಿಂಡಿದರೂ ಅದೇ ಲಾಭ. ತಿನ್ನುವ ಮನೆಯಾದರೆ ಮೊಟ್ಟೆ, ಮೀನು, ಚೆನ್ನಾಗಿ ಬೇಯಿಸಿ ಮಸೆದ ಮಾಂಸ. ಇದರ ಜೊತೆಗೆ ಸರ್ಕಾರದ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದಲ್ಲಿ ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಿಗೆ ಕಬ್ಬಿಣದ ಸಿರಪ್ ಇದೆ. ವಾರಕ್ಕೆ ಎರಡು ಸಲ, ಪ್ರತಿ ಸಲ 1 ಮಿ.ಲೀ., ಅದರಲ್ಲಿ 20 ಮಿ.ಗ್ರಾಂ. ಕಬ್ಬಿಣ. ಆಶಾ ಕಾರ್ಯಕರ್ತೆಯನ್ನು ಕೇಳಿ ಪಡೆಯಿರಿ. ಹಾಲಿನ ಜೊತೆ ಕೊಡಬೇಡಿ, ನಡುವೆ ಒಂದು ಗಂಟೆ ಬಿಡಿ. ಮಲ ಕಪ್ಪಾಗುತ್ತದೆ, ಹೆದರಿ ನಿಲ್ಲಿಸಬೇಡಿ.

ಡಬ್ಬಿ ಹಾಲು ಕೊಳ್ಳಲಾಗದ ಮನೆಗಳ ಮಾತು? ವಿಶ್ವ ಆರೋಗ್ಯ ಸಂಸ್ಥೆ 2023ರ ಮಾರ್ಗಸೂಚಿಯಲ್ಲಿ, ಎದೆಹಾಲು ಸಿಗದ 6ರಿಂದ 11 ತಿಂಗಳ ಮಕ್ಕಳಿಗೆ ಡಬ್ಬಿ ಹಾಲನ್ನಾದರೂ ಪ್ರಾಣಿಯ ಹಾಲನ್ನಾದರೂ ಕೊಡಬಹುದು ಎಂದಿದೆ. ಇತ್ತ ಬ್ರಿಟನ್, ಅಮೆರಿಕ ಮತ್ತು ನಮ್ಮ ಮಕ್ಕಳ ವೈದ್ಯರು ವರ್ಷದವರೆಗೆ ಕುಡಿಯುವ ಹಾಲಾಗಿ ಹಸುವಿನ ಹಾಲು ಬೇಡ ಎನ್ನುತ್ತಾರೆ. ನೀರು ಶುದ್ಧವಿಲ್ಲದ ಕಡೆ, ದುಬಾರಿ ಪುಡಿಯನ್ನು ಉಳಿಸಲು ತೆಳುವಾಗಿ ಕಲಸುವ ಕಡೆ ಡಬ್ಬಿ ಹಾಲಿನ ಅಪಾಯವೂ ಸಣ್ಣದಲ್ಲ. ಹಾಗಾಗಿ ಆರು ತಿಂಗಳು ದಾಟಿದ ಮಗುವಿಗೆ ಬೇರೆ ದಾರಿಯಿಲ್ಲದೆ ಹಸುವಿನ ಹಾಲನ್ನೇ ಕೊಡಬೇಕಾದರೆ, ಕುದಿಸಿ, ಅರ್ಧ ಲೀಟರ್ ದಾಟದಂತೆ ಕೊಡಿ. ಕಬ್ಬಿಣದ ಸಿರಪ್ ಮತ್ತು ಊಟವನ್ನು ಮಾತ್ರ ತಪ್ಪಿಸಬೇಡಿ. ಆರು ತಿಂಗಳೊಳಗೆ ಈ ರಿಯಾಯಿತಿ ಇಲ್ಲ. ವರ್ಷದ ನಂತರವೂ ಅರ್ಧ ಲೀಟರೇ ಮಿತಿ. ‘ಹಾಲು ಕುಡಿದಷ್ಟೂ ಗಟ್ಟಿ’ ಎಂಬ ಮಾತನ್ನು ಇಲ್ಲಿ ಕೈಬಿಡಲೇಬೇಕು.

ನೀರು ಬೆರೆಸಿದರೆ ಸರಿಹೋಗುತ್ತದೆಯೇ?

ಹಸುವಿನ ಹಾಲು ‘ಭಾರ’ ಎಂದು ಅರ್ಧಕ್ಕರ್ಧ ನೀರು ಬೆರೆಸುವ ರೂಢಿ ನಮ್ಮಲ್ಲಿ ಹಳೆಯದು. ಭಾರ ಎಂಬ ಅನುಭವದ ಮಾತಿನಲ್ಲಿ ನಿಜವಿದೆ. ಎದೆಹಾಲಿನಲ್ಲಿ 100 ಮಿ.ಲೀ.ಗೆ ಪ್ರೋಟೀನು ಸುಮಾರು 1 ಗ್ರಾಂ, ಹಸುವಿನ ಹಾಲಿನಲ್ಲಿ ಮೂರಕ್ಕಿಂತ ಹೆಚ್ಚು. ಕರು ಬೆಳೆಯುವ ವೇಗಕ್ಕೆ ತಕ್ಕ ಹಾಲು ಅದು. ಮಗು ಬಳಸದೆ ಉಳಿದ ಪ್ರೋಟೀನು ಯೂರಿಯಾ ಆಗುತ್ತದೆ. ಅದರ ಜೊತೆಗೆ ಸೋಡಿಯಂ, ಪೊಟ್ಯಾಸಿಯಂ, ರಂಜಕ. ಇವೆಲ್ಲ ಮೂತ್ರಪಿಂಡದ ಮೂಲಕವೇ ಹೊರಹೋಗಬೇಕು. ತಜ್ಞರು ಈ ಹೊರೆಯನ್ನು ಅಳೆದಿದ್ದಾರೆ: ಒಂದು ಲೀಟರ್ ಎದೆಹಾಲಿನದು ಸುಮಾರು 93 ಮಿಲಿಆಸ್ಮೋಲ್, ಹಸುವಿನ ಹಾಲಿನದು 308. ಮೂರು ಪಟ್ಟಿಗಿಂತ ಹೆಚ್ಚು.

ದೊಡ್ಡವರ ಮೂತ್ರಪಿಂಡ ನೀರು ಕಡಿಮೆಯಿದ್ದಾಗ ಮೂತ್ರವನ್ನು ಗಾಢವಾಗಿಸಿ ನೀರು ಉಳಿಸುತ್ತದೆ. ಹುಟ್ಟಿದ ಮಗುವಿನದಕ್ಕೆ ಅದರ ಅರ್ಧದಷ್ಟು ಶಕ್ತಿಯೂ ಕಷ್ಟ. ದೊಡ್ಡವರ ಮಟ್ಟ ಮುಟ್ಟಲು ಹೆಚ್ಚುಕಡಿಮೆ ವರ್ಷ ಬೇಕು. ಹಾಗಾಗಿ ಕಸ ಹೆಚ್ಚಾದಷ್ಟೂ ಅದನ್ನು ತೊಳೆದುಹಾಕಲು ಮೈಯ ನೀರನ್ನೇ ಖರ್ಚು ಮಾಡಬೇಕಾಗುತ್ತದೆ. ಮಗು ಆರೋಗ್ಯವಾಗಿದ್ದಾಗ ಹೇಗೋ ನಡೆಯುತ್ತದೆ. ರಾಯಚೂರು, ಕಲಬುರಗಿಯ ಮೇ ತಿಂಗಳ ಬಿಸಿಲಲ್ಲಿ ಜ್ವರ ಬಂದರೆ, ಭೇದಿ ಶುರುವಾದರೆ, ನೀರಿನ ಲೆಕ್ಕ ತಪ್ಪುತ್ತದೆ.

ನೀರು ಬೆರೆಸಿದರೆ ಈ ಹೊರೆ ಇಳಿಯುವುದು ನಿಜ. ಆದರೆ ಶಕ್ತಿಯೂ ಅರ್ಧವಾಗುತ್ತದೆ: 100 ಮಿ.ಲೀ.ಗೆ 60 ಕ್ಯಾಲೊರಿ ಇದ್ದದ್ದು 30. ಸಣ್ಣ ಹೊಟ್ಟೆ ನೀರಿನಿಂದ ತುಂಬುತ್ತದೆ, ಮಗು ಸೊರಗುತ್ತದೆ, ಕಬ್ಬಿಣ ಇನ್ನೂ ಅರ್ಧವಾಗುತ್ತದೆ. ಒಂದು ತಪ್ಪನ್ನು ಸರಿಪಡಿಸಲು ಹೋಗಿ ಎರಡು ತಪ್ಪು ಮಾಡಿದಂತೆ.

ಉಪ್ಪು

ಉಪ್ಪಿನ ಮಾತೂ ಇದೇ ಮೂತ್ರಪಿಂಡದ ಮಾತೇ. ಏಳರಿಂದ ಹನ್ನೆರಡು ತಿಂಗಳ ಮಗುವಿಗೆ ದಿನಕ್ಕೆ ಸಾಕಾಗುವ ಸೋಡಿಯಂ 370 ಮಿ.ಗ್ರಾಂ. ಎಂದು ಅಂದಾಜು. ಉಪ್ಪಿನ ಲೆಕ್ಕದಲ್ಲಿ ಅದು 1 ಗ್ರಾಮಿಗಿಂತ ಸ್ವಲ್ಪ ಕಡಿಮೆ, ಅಂದರೆ ಸಮಮಟ್ಟದ ಟೀ ಚಮಚದ ಆರನೇ ಒಂದು ಪಾಲು. ಬ್ರಿಟನ್ನಿನ ಸಲಹೆಯೂ ದಿನಕ್ಕೆ 1 ಗ್ರಾಮಿನೊಳಗೆ ಎಂದೇ ಇದೆ. ನಮ್ಮ ಎಂಟು ತಿಂಗಳ ಮಗು ಕುಡಿದ 700 ಮಿ.ಲೀ. ಹಸುವಿನ ಹಾಲಿನಲ್ಲೇ ಸುಮಾರು 300 ಮಿ.ಗ್ರಾಂ. ಸೋಡಿಯಂ ಬಂದಾಗಿದೆ. ಅಷ್ಟೇ ಎದೆಹಾಲಾಗಿದ್ದರೆ ನೂರರ ಆಸುಪಾಸು. ತರಕಾರಿ, ಬೇಳೆ, ಮೊಟ್ಟೆಯಲ್ಲಿ ತಮ್ಮದೇ ಸೋಡಿಯಂ ಇರುತ್ತದೆ. ಸೇರಿಸಬೇಕಾದ ಉಪ್ಪಿಗೆ ಜಾಗವೇ ಉಳಿಯುವುದಿಲ್ಲ.

ಅಡುಗೆಮನೆಯಲ್ಲಿ ಇದಕ್ಕೆ ಬೇರೆ ಪಾತ್ರೆ ಬೇಕಿಲ್ಲ. ಬೇಳೆ, ತರಕಾರಿ ಬೆಂದ ಮೇಲೆ ಉಪ್ಪು, ಹುಳಿ, ಖಾರ ಹಾಕುವ ಮುಂಚೆ ಮಗುವಿನ ಪಾಲನ್ನು ಎತ್ತಿಡಿ. ಅನ್ನಕ್ಕೂ ಉಪ್ಪು ಹಾಕುವ ಮನೆಯಾದರೆ ಆ ಅಭ್ಯಾಸ ಸದ್ಯಕ್ಕೆ ಬಿಡಿ. ದೊಡ್ಡವರ ಸಾರನ್ನು ನೀರು ಸೇರಿಸಿ ತೆಳು ಮಾಡಿ ಕಲಸಿದರೆ ಖಾರ ಕಡಿಮೆಯಾದಂತೆ ಅನ್ನಿಸುತ್ತದೆ, ಉಪ್ಪು ಸಾಕಷ್ಟು ಉಳಿದೇ ಇರುತ್ತದೆ. ಪೊಟ್ಟಣದ ಬಿಸ್ಕತ್ತು, ಬ್ರೆಡ್ಡಿನ ಮೇಲೆ ಸೋಡಿಯಂ ಎಂದು ಬರೆದ ಅಂಕಿಯನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು ಎಷ್ಟೆಂದು ಸಿಗುತ್ತದೆ. ಉಪ್ಪಿಲ್ಲದಿದ್ದರೆ ಅಯೋಡಿನ್ ಎಲ್ಲಿಂದ ಎಂಬುದು ಒಳ್ಳೆಯ ಪ್ರಶ್ನೆ. ಹಾಲುಣಿಸುವ ತಾಯಿ ಅಯೋಡಿನ್ ಉಪ್ಪು ತಿಂದರೆ ಅದು ಎದೆಹಾಲಿನಲ್ಲಿ ಮಗುವಿಗೆ ಮುಟ್ಟುತ್ತದೆ. ಡಬ್ಬಿ ಹಾಲಿಗೆ ಅದನ್ನು ಸೇರಿಸಿರುತ್ತಾರೆ. ‘ಸಪ್ಪೆ ಹೇಗೆ ತಿಂದೀತು’ ಎಂಬುದು ನಮ್ಮ ನಾಲಿಗೆಯ ಮಾತು. ಮಗುವಿನ ನಾಲಿಗೆಗೆ ಉಪ್ಪಿನ ರುಚಿ ಹತ್ತಿಸುವುದು ನಾವೇ.

ಚಿಟಿಕೆ ಉಪ್ಪಿನಿಂದ ಒಂದೇ ದಿನದಲ್ಲಿ ಅನಾಹುತ ಆಗುವುದಿಲ್ಲ. ಅನಾಹುತ ಆಗುವುದು ಅಳತೆ ತಪ್ಪಿದಾಗ. 1962ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್ ಊರಿನ ಆಸ್ಪತ್ರೆಯಲ್ಲಿ ಸಕ್ಕರೆಯ ಬದಲು ಉಪ್ಪು ಮಕ್ಕಳ ಹಾಲಿಗೆ ಸೇರಿ ಆರು ಹಸುಗೂಸುಗಳು ಸತ್ತವು. ನಮ್ಮ ಮನೆಗಳಲ್ಲಿ ಇದಕ್ಕೆ ಹತ್ತಿರದ ತಪ್ಪು ನಡೆಯುವುದು ಓಆರ್‌ಎಸ್ ಕಲಸುವಾಗ. ಒಂದು ಲೀಟರಿನ ಪೊಟ್ಟಣವನ್ನು ಒಂದು ಲೋಟ ನೀರಿಗೆ ಸುರಿದರೆ ಉಪ್ಪು ಐದು ಪಟ್ಟಾಗುತ್ತದೆ. 200 ಮಿ.ಲೀ.ನ ಸಣ್ಣ ಪೊಟ್ಟಣಗಳೂ ಸಿಗುವುದರಿಂದ ಗೊಂದಲ ಸುಲಭ. ಪೊಟ್ಟಣದ ಮೇಲೆ ಬರೆದ ಅಳತೆ ಓದಿಯೇ ಕಲಸಿ. ಹಾಗೆಂದು ‘ಮಗುವಿಗೆ ಉಪ್ಪು ಬೇಡ’ ಎಂದು ಭೇದಿಯಲ್ಲಿ ಓಆರ್‌ಎಸ್ ತಪ್ಪಿಸುವುದು ದೊಡ್ಡ ತಪ್ಪು. ಅದು ಕಳೆದುಹೋದ ಉಪ್ಪು ನೀರನ್ನು ಅಳತೆಯಲ್ಲಿ ಮರಳಿಸುವ ಔಷಧಿ.

ರಕ್ತದಲ್ಲಿ ಸೋಡಿಯಂ ಏರಿದ ಮಗು ಮೋಸ ಮಾಡುತ್ತದೆ. ಜೀವಕೋಶಗಳ ಒಳಗಿನ ನೀರು ರಕ್ತಕ್ಕೆ ಬರುವುದರಿಂದ ಚರ್ಮ ಬತ್ತಿದಂತೆ ಕಾಣದೆ ನಾದಿದ ಹಿಟ್ಟಿನಂತೆ ಮೆತ್ತಗಿರುತ್ತದೆ, ನೀರು ಕಡಿಮೆಯಾದದ್ದು ಗೊತ್ತೇ ಆಗುವುದಿಲ್ಲ. ಕೀರಲು ದನಿಯ ಅಳು, ಮುಟ್ಟಿದರೆ ಸಿಡುಕು, ಆಮೇಲೆ ಮಂಕು, ಫಿಟ್ಸ್. ಇಲ್ಲಿ ಮನೆಯಲ್ಲಿ ನೀರು ಕುಡಿಸಿ ಸರಿಪಡಿಸಲು ಹೋಗಬೇಡಿ. ಬೇಗ ಇಳಿಸಿದರೆ ಮಿದುಳು ಊದಿಕೊಳ್ಳುತ್ತದೆ. ಆಸ್ಪತ್ರೆಯಲ್ಲಿ ನಿಧಾನವಾಗಿ ಇಳಿಸಬೇಕು.

ಜೇನುತುಪ್ಪ

ಜೇನು ಕೆಡುವುದಿಲ್ಲ ಎಂಬುದು ನಿಜ. ಅದರಲ್ಲಿ ನೀರು ಎಷ್ಟು ಕಡಿಮೆ ಎಂದರೆ ಯಾವ ರೋಗಾಣುವೂ ಬೆಳೆಯಲಾರದು. ಆದರೆ ಬೆಳೆಯಲಾಗದ್ದು ಸತ್ತೇ ಹೋಗಬೇಕೆಂದಿಲ್ಲ. ಮಣ್ಣಿನಲ್ಲಿರುವ ಕ್ಲಾಸ್ಟ್ರಿಡಿಯಂ ಬಾಟುಲಿನಂ ಎಂಬ ಬ್ಯಾಕ್ಟೀರಿಯಾ ಗಟ್ಟಿ ಸಿಪ್ಪೆಯ ಬೀಜಕವಾಗಿ ಜೇನಿನೊಳಗೆ ನಿದ್ದೆ ಹೋಗಿರಬಹುದು. ದೊಡ್ಡವರು ತಿಂದರೆ ಕರುಳಿನಲ್ಲಿ ಆಗಲೇ ನೆಲೆಸಿರುವ ಬ್ಯಾಕ್ಟೀರಿಯಾಗಳ ಗುಂಪು ಅದಕ್ಕೆ ಜಾಗ ಕೊಡುವುದಿಲ್ಲ, ಬೀಜಕ ಹಾಗೆಯೇ ಹೊರಹೋಗುತ್ತದೆ. ವರ್ಷದೊಳಗಿನ ಮಗುವಿನ ಕರುಳಿನಲ್ಲಿ ಆ ಗುಂಪು ಇನ್ನೂ ಕೂಡಿಕೊಂಡಿರುವುದಿಲ್ಲ. ಬೀಜಕ ದೊಡ್ಡ ಕರುಳಿನಲ್ಲಿ ಮೊಳೆತು, ಅಲ್ಲೇ ಕೂತು ವಿಷ ತಯಾರಿಸುತ್ತದೆ. ಆ ವಿಷ ನರದಿಂದ ಸ್ನಾಯುವಿಗೆ ಹೋಗುವ ಸಂದೇಶವನ್ನು ತಡೆಯುತ್ತದೆ.

ಕಾಯಿಸಿದರೆ? ಕುದಿಸಿದಾಗ ವಿಷ ನಾಶವಾಗುತ್ತದೆ, ಬೀಜಕ ಸಾಯುವುದಿಲ್ಲ. ಅದಕ್ಕೆ ಒತ್ತಡದಲ್ಲಿ 121 ಡಿಗ್ರಿ ಬೇಕು. ಬಿಸಿ ಸರಿಗೆ ಕಲಸಿದ ಜೇನು, ತುಳಸಿ ರಸದ ಜೊತೆ ಕೊಟ್ಟ ಜೇನು, ಬಜೆ ತೇಯ್ದು ನೆಕ್ಕಿಸುವಾಗ ಸೇರಿಸಿದ ಜೇನು, ಕಾಡಿನ ಶುದ್ಧ ಜೇನು ಎಲ್ಲವೂ ಒಂದೇ. ಪುಷ್ಯ ನಕ್ಷತ್ರದ ದಿನ ಹಾಕಿಸುವ ಸ್ವರ್ಣಬಿಂದು ಪ್ರಾಶನದಲ್ಲೂ ಸಾಮಾನ್ಯವಾಗಿ ಜೇನು ಇರುತ್ತದೆ, ಕೇಳಿ ತಿಳಿದುಕೊಳ್ಳಿ. ಹುಟ್ಟಿದ ಮಗುವಿನ ನಾಲಿಗೆಗೆ ಜೇನು ಮುಟ್ಟಿಸುವ ಶಾಸ್ತ್ರವಿರುವ ಮನೆಯಲ್ಲಿ ತಾಯಿಯ ಮೊದಲ ಗಿಣ್ಣುಹಾಲನ್ನೇ ಮುಟ್ಟಿಸಬಹುದು. ತಾಯಿ ಜೇನು ತಿಂದರೆ ಎದೆಹಾಲಿಗೆ ಏನೂ ಆಗುವುದಿಲ್ಲ.

ಈ ರೋಗ ವಿರಳ. ಮಕ್ಕಳಲ್ಲಿ ಇದನ್ನು ಗುರುತಿಸಿದ್ದು 1976ರಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಬೀಜಕ ಧೂಳಿನಿಂದಲೂ ಬರಬಹುದು, ಅದನ್ನು ತಡೆಯಲಾಗದು. ಜೇನನ್ನು ತಡೆಯಬಹುದು. ಶುರುವಾಗುವುದು ಮಲಬದ್ಧತೆಯಿಂದ. ಅಲ್ಲೇ ಎಲ್ಲರೂ ಎಡವುವುದು. ನಂತರ ರೆಪ್ಪೆ ಜೋಲುತ್ತದೆ, ಚೀಪುವ ಬಲ ಕುಂದುತ್ತದೆ, ಅಳು ಸಣ್ಣದಾಗುತ್ತದೆ, ನಿಲ್ಲುತ್ತಿದ್ದ ಕತ್ತು ಮತ್ತೆ ವಾಲುತ್ತದೆ. ಜ್ವರ ಇರುವುದಿಲ್ಲ. ಸೋಲು ಮುಖದಿಂದ ಕೆಳಕ್ಕೆ ಇಳಿಯುತ್ತಾ ಉಸಿರಾಟದ ಸ್ನಾಯುವನ್ನು ಮುಟ್ಟಿದರೆ ವೆಂಟಿಲೇಟರ್ ಬೇಕಾಗುತ್ತದೆ. ಮಗುವಿಗೆ ಜೇನು ಕೊಟ್ಟಿದ್ದರೆ ವೈದ್ಯರಿಗೆ ಮುಚ್ಚಿಡದೆ ಹೇಳಿ. ಈ ರೋಗದಲ್ಲಿ ಕೆಲವು ಆಂಟಿಬಯಾಟಿಕ್‌ಗಳು ಸ್ನಾಯುವಿನ ಸೋಲನ್ನು ಹೆಚ್ಚಿಸುತ್ತವೆ, ನಿಮ್ಮ ಒಂದು ಮಾತು ಅದನ್ನು ತಪ್ಪಿಸುತ್ತದೆ.

ಇಡೀ ಬೀಜ

ಇಲ್ಲಿ ಅಪಾಯ ಶೇಂಗಾದಲ್ಲಿಲ್ಲ, ಅದರ ಆಕಾರದಲ್ಲಿದೆ. ಲಂಡನ್ನಿನಲ್ಲಿ 640 ಮಕ್ಕಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತೀವ್ರ ಇಸುಬು ಅಥವಾ ಮೊಟ್ಟೆಯ ಅಲರ್ಜಿ ಇದ್ದ ಮಕ್ಕಳಿಗೆ ವರ್ಷದೊಳಗೇ ಶೇಂಗಾ ಕೊಡಲು ಶುರು ಮಾಡಿದಾಗ ಐದನೇ ವಯಸ್ಸಿಗೆ ಶೇಂಗಾ ಅಲರ್ಜಿ ಬಹಳ ಕಡಿಮೆ ಕಂಡಿತು. ಹಾಗಾಗಿ ಹೆದರಿ ದೂರವಿಡಬೇಕಿಲ್ಲ. ಬೂಸ್ಟು ಹಿಡಿದ, ಕಹಿಯಾದ ಕಾಳು ಆರಿಸಿ ತೆಗೆದು, ಹುರಿದು, ಸಿಪ್ಪೆ ಉಜ್ಜಿ, ನುಣ್ಣಗೆ ಅರೆದು, ಅರ್ಧ ಟೀ ಚಮಚದಷ್ಟನ್ನು ತೆಳು ಸರಿಗೆ ಕಲಸಿ ಹಗಲಿನಲ್ಲಿ ಕೊಟ್ಟು ಎರಡು ಗಂಟೆ ನೋಡಿ. ತೀವ್ರ ಇಸುಬು ಇರುವ ಮಗುವಾದರೆ ಮೊದಲು ವೈದ್ಯರನ್ನು ಕೇಳಿ. ಗಟ್ಟಿ ಪೇಸ್ಟನ್ನು ಚಮಚದಲ್ಲಿ ಹಾಗೇ ಕೊಡಬೇಡಿ, ಅದೂ ಗಂಟಲಿಗೆ ಅಂಟುತ್ತದೆ.

ಇಡೀ ಕಾಳು ಯಾಕೆ ಬೇಡ? ಅದನ್ನು ಅರೆಯುವ ದವಡೆ ಹಲ್ಲು ಹುಟ್ಟಿರುವುದಿಲ್ಲ. ಮುಂದಿನ ಹಲ್ಲಿನಿಂದ ಕಚ್ಚಿದರೆ ನುಣ್ಣನೆಯ ಹೋಳು ಹಾರಿ ಹಿಂದಕ್ಕೆ ಹೋಗುತ್ತದೆ. ಮಗುವಿನ ಶ್ವಾಸನಾಳ ಅದರದೇ ಕಿರುಬೆರಳಿನಷ್ಟು ದಪ್ಪ. ಇಡೀ ಬೀಜ ಮೇಲೆಯೇ ಸಿಕ್ಕಿಕೊಂಡು ಉಸಿರು ಕಟ್ಟಿಸಬಹುದು, ಹೋಳು ಒಳಗಿಳಿದು ಶ್ವಾಸಕೋಶದ ಕೊಳವೆ ಸೇರಬಹುದು. ಗೋಡಂಬಿ, ಬಾದಾಮಿ, ಹುರಿಗಡಲೆ, ಹುಣಸೆ ಬೀಜ, ಸೀತಾಫಲದ ಬೀಜ ಎಲ್ಲಕ್ಕೂ ಇದೇ ಮಾತು.

ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಸದ್ದೇ ಇಲ್ಲದಿದ್ದರೆ, ತುಟಿ ನೀಲಿಯಾಗುತ್ತಿದ್ದರೆ, ಒಬ್ಬರು 108ಕ್ಕೆ ಕರೆ ಮಾಡಲಿ. ವರ್ಷದೊಳಗಿನ ಮಗುವನ್ನು ಮುಂಗೈ ಮೇಲೆ ಬೋರಲಾಗಿ, ತಲೆ ಕೆಳಗಿರುವಂತೆ ಮಲಗಿಸಿ, ದವಡೆ ಹಿಡಿದು, ಎರಡು ಹೆಗಲ ಮೂಳೆಗಳ ನಡುವೆ ಅಂಗೈ ಬುಡದಿಂದ ಐದು ಸಲ ತಟ್ಟಿ. ಬರದಿದ್ದರೆ ಅಂಗಾತ ತಿರುಗಿಸಿ, ಮೊಲೆತೊಟ್ಟಿನ ಗೆರೆಗಿಂತ ಸ್ವಲ್ಪ ಕೆಳಗೆ ಎದೆಮೂಳೆಯನ್ನು ಐದು ಸಲ ಒತ್ತಿ. ಬಾಯಲ್ಲಿ ವಸ್ತು ಕಂಡರೆ ಮಾತ್ರ ತೆಗೆಯಿರಿ. ಕಾಣದೆ ಬೆರಳು ಹಾಕಿದರೆ ಇನ್ನೂ ಒಳಕ್ಕೆ ತಳ್ಳುತ್ತೀರಿ. ಬರುವವರೆಗೆ ಇದನ್ನೇ ಮುಂದುವರಿಸಿ, ಪ್ರಜ್ಞೆ ತಪ್ಪಿದರೆ ಎದೆ ಒತ್ತಿ ಉಸಿರು ಕೊಡುವುದನ್ನು ಶುರು ಮಾಡಿ. ಈ ವಯಸ್ಸಿನಲ್ಲಿ ಹೊಟ್ಟೆ ಒತ್ತಬಾರದು, ಈಲಿಗೆ ಪೆಟ್ಟಾಗುತ್ತದೆ.

ಹೆಚ್ಚು ಮೋಸ ಹೋಗುವುದು ಇನ್ನೊಂದು ಬಗೆಯಲ್ಲಿ. ಮಗು ಒಮ್ಮೆ ಜೋರಾಗಿ ಕೆಮ್ಮಿ, ಕೆಂಪಾಗಿ, ಐದು ನಿಮಿಷದಲ್ಲಿ ಸುಮ್ಮನಾಗುತ್ತದೆ. ನುಂಗಿತು ಎಂದುಕೊಳ್ಳುತ್ತೇವೆ. ಹೋಳು ಕೊಳವೆಯೊಂದರಲ್ಲಿ, ಹೆಚ್ಚಾಗಿ ನೆಟ್ಟಗೆ ಇಳಿದಿರುವ ಬಲಗಡೆಯದರಲ್ಲಿ, ಕೂತಿರುತ್ತದೆ. ಅಲ್ಲಿ ತೇವ ಹೀರಿ ಊದುತ್ತದೆ, ಅದರ ಎಣ್ಣೆ ಸುತ್ತಲ ಪೊರೆಯನ್ನು ಕೆರಳಿಸುತ್ತದೆ. ಎಕ್ಸ್‌ರೇಯಲ್ಲಿ ಶೇಂಗಾ ಕಾಣುವುದಿಲ್ಲ. ಉಸಿರು ಒಳಹೋಗಿ ಹೊರಬರದೆ ಒಂದು ಕಡೆಯ ಶ್ವಾಸಕೋಶ ಮಾತ್ರ ಊದಿಕೊಂಡಂತೆ ಕಾಣಬಹುದು, ಅಷ್ಟೇ. ವಾರಗಟ್ಟಲೆ ‘ಕಫ’, ‘ನ್ಯುಮೋನಿಯಾ’ ಎಂದು ಔಷಧಿ ನಡೆಯುತ್ತದೆ. ಎದೆಯ ಒಂದೇ ಕಡೆ ಸುಂಯ್‌ಗುಟ್ಟುವ ಸದ್ದು, ಔಷಧಿಗೆ ಬಗ್ಗದ ಕೆಮ್ಮು, ಅದೇ ಜಾಗಕ್ಕೆ ಮತ್ತೆ ಮತ್ತೆ ಬರುವ ಸೋಂಕು ಕಂಡರೆ ‘ಅವತ್ತು ಕಡಲೆಬೀಜ ಬಾಯಲ್ಲಿದ್ದಾಗ ಕೆಮ್ಮಿತ್ತು’ ಎಂದು ವೈದ್ಯರಿಗೆ ನೆನಪಿಸಿ ಹೇಳಿ. ಬ್ರಾಂಕೋಸ್ಕೋಪ್ ಎಂಬ ಕೊಳವೆ ಇಳಿಸಿ ಅದನ್ನು ತೆಗೆಯುತ್ತಾರೆ. ತಡವಾದಷ್ಟೂ ಕಾಳು ಮೆತ್ತಗಾಗಿ, ಹಿಡಿದಲ್ಲೇ ಪುಡಿಯಾಗುತ್ತದೆ.